ಪದ ಒಡೆದು ಬರೆಯುವ ಮೂರು ಸಾಲು

ಭಾಷಾವಿಜ್ಞಾನದ ವಿದ್ಯಾರ್ಥಿಗಳು ವಾಕ್ಯವನ್ನು ಮೂರು ಸಾಲಿನಲ್ಲಿ ಬರೆಯುತ್ತಾರೆ. ಮೊದಲನೆಯದು ಒಡೆದ ವಾಕ್ಯ, ಎರಡನೆಯದು ತುಂಡುಗಳ ಅರ್ಥ, ಮೂರನೆಯದು ಆ ಭಾಷೆ ಬಾರದವರಿಗಾಗಿ ಅನುವಾದ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟುವ ನಮ್ಮ ಕನ್ನಡ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ‘ಹುಡುಗರು ಮರಗಳನ್ನು ನೋಡಿದರು’ ಎಂಬುದನ್ನೇ ನೋಡಿ:

ಹುಡುಗ-ರು ಮರ-ಗಳ್-ಅನ್ನು ನೋಡ್-ಇದ್-ಅರು

ಹುಡುಗ-ಬಹು ಮರ-ಬಹು-ದ್ವಿತೀಯೆ ನೋಡು-ಭೂತ-3ಬಹು

‘3ಬಹು’ ಎಂದರೆ ಪ್ರಥಮ ಪುರುಷ ಬಹುವಚನ. ‘3’ ಅಂತರರಾಷ್ಟ್ರೀಯ ರೂಢಿ. ನಮ್ಮ ವ್ಯಾಕರಣದ ಪ್ರಥಮ ಪುರುಷ ಅಲ್ಲಿ ಮೂರನೆಯದು!

ಎರಡೂ ಸಾಲುಗಳಲ್ಲಿ ಅಡ್ಡಗೆರೆಗಳ ಸಂಖ್ಯೆ ಪದದಿಂದ ಪದಕ್ಕೆ ಒಂದೇ ಇರಬೇಕು. ಇಲ್ಲಿ ಒಂದು, ಎರಡು, ಎರಡು. ಲೆಕ್ಕ ತಪ್ಪಿದರೆ ಎಲ್ಲೋ ಒಂದು ತುಂಡು ಕಳೆದಿದೆ ಎಂದೇ ಅರ್ಥ.

ಎಡವುವುದು ನಮ್ಮ ಲಿಪಿಯಲ್ಲಿ. ‘ಮರಗಳನ್ನು’ ಎಂಬಲ್ಲಿ ಗಡಿ ‘ಳ’ ಅಕ್ಷರದ ಹೊಟ್ಟೆಯೊಳಗೇ ಇದೆ: ‘ಳ್’ ಬಹುವಚನದ್ದು, ‘ಅ’ ವಿಭಕ್ತಿಯದು. ಅಕ್ಷರ ನೋಡಿ ಕತ್ತರಿಸುವವರು ‘ಮರ-ಗಳ-ನ್ನು’ ಎಂದು ಬರೆದು, ಇಲ್ಲದ ‘ನ್ನು’ ಪ್ರತ್ಯಯವನ್ನು ಹುಟ್ಟಿಸುತ್ತಾರೆ. ‘ಮರವನ್ನು’ ಎಂಬಲ್ಲಿ ಬರುವ ‘ವ್’ ಕೂಡ ಪ್ರತ್ಯಯವಲ್ಲ, ಬರೀ ಆಗಮಸಂಧಿ. ಅದಕ್ಕೆ ಬೇರೆ ಅರ್ಥ ಕೊಡಬಾರದು.

ಇನ್ನೊಂದು ಮಾತು. ‘ಮೇಷ್ಟ್ರು ನೋಡಿದರು’ ಎಂದಾಗ ನೋಡಿದವರು ಒಬ್ಬರೇ. ಅಲ್ಲಿ ‘ಅರು’ ಕೆಳಗೆ ‘ಬಹು’ ಎಂದಷ್ಟೇ ಬರೆದು ಬಿಡಬೇಡಿ, ‘ಗೌರವ’ ಎಂದೂ ಸೇರಿಸಿ.