ಪರವಾನಗಿಯ ಮುದ್ರೆ ನಿಜವೇ?

ಬ್ರಿಟನ್‌ನ ಗ್ರಾಹಕರಿಂದ ಪಣ ಕಟ್ಟಿಸಿಕೊಳ್ಳುವ ಜಾಲತಾಣ ಯಾವ ದೇಶದಲ್ಲಿ ನೆಲೆಸಿದ್ದರೂ ಅದಕ್ಕೆ ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್‌ನ ಪರವಾನಗಿ ಬೇಕು. ತಾಣದಲ್ಲಿ ಕಾಣುವ ಮುದ್ರೆಯನ್ನು ಮಾತ್ರ ನಂಬುವಂತಿಲ್ಲ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅಲ್ಲಿರುವ ಕೊಂಡಿಯನ್ನು ಒತ್ತದೆ gamblingcommission.gov.uk ಎಂದು ತಾವೇ ಟೈಪ್ ಮಾಡಿ, ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ಖಾತೆ ಸಂಖ್ಯೆಯನ್ನು ಹುಡುಕಬೇಕು.

ಸಂಖ್ಯೆ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ನಕಲಿ ತಾಣಗಳು ಅಸಲಿ ಕಂಪನಿಯ ಸಂಖ್ಯೆಯನ್ನೇ ಕದ್ದು ಹಾಕಿಕೊಳ್ಳಬಹುದು. ಆದ್ದರಿಂದ ಆ ಕಂಪನಿಯ ಹೆಸರಿನಡಿ ಇರುವ ಜಾಲತಾಣಗಳ ಪಟ್ಟಿಯನ್ನು ತೆರೆದು, ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಒಂದು ಅಡ್ಡಗೆರೆ ಹೆಚ್ಚಾಗಿದ್ದರೂ ಅದು ಬೇರೆಯೇ ತಾಣ. ಪರವಾನಗಿ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ನಿಯಮಗಳ ಪುಟದಲ್ಲಿ ಗ್ರಾಹಕರೊಡನೆ ಒಪ್ಪಂದ ಮಾಡಿಕೊಳ್ಳುವ ಕಂಪನಿಯ ಹೆಸರೂ ಇದೇ ಆಗಿರಬೇಕು.

ಹೆಚ್ಚು ಸುಳಿವು ಕೊಡುವುದು ದೂರಿನ ಪುಟ. ಪರವಾನಗಿದಾರರು 8 ವಾರಗಳೊಳಗೆ ದೂರಿಗೆ ಅಂತಿಮ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಗ್ರಾಹಕರು ಐಬಾಸ್‌ನಂಥ ಸ್ವತಂತ್ರ ಸಂಸ್ಥೆಗೆ ಶುಲ್ಕವಿಲ್ಲದೆ ಹೋಗಬಹುದು. ಚಾಟ್ ಕಿಟಕಿ ಬಿಟ್ಟು ಬೇರೆ ದಾರಿ ತೋರಿಸದ ತಾಣ ಅನುಮಾನಾಸ್ಪದ.

ಈ ಪರವಾನಗಿ ಭಾರತದಲ್ಲಿ ನಡೆಯುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಇಲ್ಲಿ 2025ರ ಕಾಯ್ದೆ ನಿಷೇಧಿಸಿದೆ.