ಅಂಕದ ಕೆಳಗಿನ ಹನ್ನೆರಡು ಸಾಲು

ಉತ್ತರಪತ್ರಿಕೆಯ ಮೇಲೆ 80ಕ್ಕೆ 53 ಎಂದಿದೆ. ಅದರ ಕೆಳಗೆ ಪಿನ್ನು ಹೊಡೆದ ಅರ್ಧ ಹಾಳೆ, ಉರುಟು ಅಕ್ಷರದ ಹನ್ನೆರಡು ಸಾಲು. ವೇಣೂರು ಕಡೆಯಿಂದ ಬಸ್ಸಿನಲ್ಲಿ ಬಂದ ಹುಡುಗಿ ಅಂಕ ನೋಡಿ ಹಾಳೆ ಮಡಚಲು ಹೊರಟಳು. ‘ಮೊದಲು ಓದು ಮಗಾ’ ಎಂದರು ಟೀಚರ್.

ಇದು ಸಿದ್ಧಕಟ್ಟೆಯ ಒಂದು ಮನೆಯ ಜಗಲಿ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಊರು. ಬೆಳ್ತಂಗಡಿ ತಾಲೂಕೂ ದೂರವಿಲ್ಲ. ಹಾಗಾಗಿ ಸಂಜೆಯ ಗಣಿತಕ್ಕೆ ಮೂರೂ ಕಡೆಯ ಮಕ್ಕಳು ಬರುತ್ತಾರೆ. ಅಂಗಳದ ತುಂಬ ಅಡಿಕೆ ಒಣಗುತ್ತಿದೆ, ಅಂಚಿನಲ್ಲಿ ಚಪ್ಪಲಿಗಳ ಸಾಲು. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು. ಮೂರು ಗಂಟೆ ಬರೆಸಿದ ಪತ್ರಿಕೆಗಳನ್ನು ತಿದ್ದಿ, ಪ್ರತಿ ಮಗುವಿಗೂ ಟೀಚರ್ ಒಂದೊಂದು ಚೀಟಿ ಬರೆದಿದ್ದಾರೆ. ಪಕ್ಕದ ಮಗುವಿಗೂ ಹೊಂದುವಂತಿದ್ದರೆ ಆ ಚೀಟಿಯನ್ನು ಹರಿದು ಬೇರೆ ಬರೆಯುತ್ತಾರಂತೆ. ‘ಇನ್ನೂ ಶ್ರಮ ಬೇಕು’, ‘ಅಜಾಗರೂಕತೆ’ ಎಂಬ ಮಾತು ಯಾವ ಚೀಟಿಯಲ್ಲೂ ಇಲ್ಲ.

ಹುಡುಗಿಯ ಚೀಟಿ ನಕ್ಷೆಯಿಂದ ಶುರುವಾಗುತ್ತದೆ. x + y = 5, 2x − y = 4 ಎಂಬ ಜೋಡಿಯನ್ನು ನಕ್ಷೆಯಲ್ಲಿ ಬಿಡಿಸುವ ನಾಲ್ಕು ಅಂಕದ ಪ್ರಶ್ನೆ. ‘ಪ್ರತಿ ರೇಖೆಗೂ ಮೂರು ಬಿಂದು ತೆಗೆದುಕೊಂಡಿದ್ದೀ. ಎರಡೇ ಬಿಂದು ಆಗಿದ್ದರೆ ಒಂದು ತಪ್ಪಾದರೂ ಗೆರೆ ಬರುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಮೂರನೆಯದು ಗೆರೆಯ ಮೇಲೆ ಕೂರದಿದ್ದರೆ ಕೋಷ್ಟಕ ತಪ್ಪಿದೆ ಎಂದರ್ಥ. ಈ ಅಭ್ಯಾಸ ಬಿಡಬೇಡ.’ ಗೆರೆಗಳು (3, 2)ರಲ್ಲಿ ಕೂಡಿವೆ, ನಾಲ್ಕಕ್ಕೆ ನಾಲ್ಕು. ‘ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರೆ ತನ್ನ ಬಲ ಎಲ್ಲಿದೆ ಎಂದು ಹುಡುಗಿಗೆ ತಿಳಿಯುತ್ತಿರಲಿಲ್ಲ. ಅಕ್ಷರ ಚೆನ್ನಾಗಿರುವುದಕ್ಕೆ ಅಂಕ ಬಂತು ಎಂದುಕೊಳ್ಳುತ್ತಿದ್ದಳೋ ಏನೋ.

ಮುಂದಿನದು ತೋಟದ ಲೆಕ್ಕ. ಆಯತಾಕಾರದ ತೋಟದ ಉದ್ದ ಅಗಲಕ್ಕಿಂತ 4 ಮೀಟರ್ ಹೆಚ್ಚು, ವಿಸ್ತೀರ್ಣ 96 ಚದರ ಮೀಟರ್. ಉದ್ದ, ಅಗಲ ಎಷ್ಟು? ಹುಡುಗಿ x² + 4x − 96 = 0 ಎಂದು ಸರಿಯಾಗಿಯೇ ಬರೆದಿದ್ದಾಳೆ. ಅಪವರ್ತಿಸುವಾಗ (x + 12)(x − 8) ಆಗಬೇಕಾದದ್ದು (x − 12)(x + 8) ಆಗಿದೆ. ಅಗಲ 12, ಉದ್ದ 16 ಎಂದು ಕೆಳಗೆ ಎರಡು ಗೆರೆ ಎಳೆದು ಮುಗಿಸಿದ್ದಾಳೆ.

‘ಸಮೀಕರಣ ಸರಿ ಇತ್ತಲ್ವಾ ಟೀಚರ್?’

‘ಸರಿ ಉಂಟು. ಅದಕ್ಕೇ ಒಂದೂವರೆ ಅಂಕ ಕೊಟ್ಟದ್ದು. ಕೆಳಗೆ ಏನು ಬರೆದಿದ್ದೇನೆ ನೋಡು.’

ಚೀಟಿಯಲ್ಲಿತ್ತು: ‘12 × 16 = 192. ಪ್ರಶ್ನೆಯಲ್ಲಿ 96. ನಕ್ಷೆಗೆ ಮೂರನೇ ಬಿಂದು ಇಟ್ಟು ನೋಡಿದವಳು ನೀನೇ. ಇಲ್ಲೂ ಉತ್ತರವನ್ನು ಪ್ರಶ್ನೆಗೆ ಹಾಕಿ ಒಂದು ಸಾಲು ಬರೆ.’ ತಪ್ಪಿದ್ದು ಚಿಹ್ನೆ. ಆದರೆ ‘ಚಿಹ್ನೆ ಗಮನಿಸು’ ಎಂದು ಟೀಚರ್ ಬರೆಯಲಿಲ್ಲ. ಚಿಹ್ನೆ ಯಾವ ಸಾಲಿನಲ್ಲಿ ತಪ್ಪೀತೆಂದು ಮೊದಲೇ ಯಾರಿಗೂ ತಿಳಿಯದು. 192 ಮತ್ತು 96 ಎದುರುಬದುರು ನಿಂತರೆ ತಪ್ಪು ತಾನಾಗಿ ಕಾಣುತ್ತದೆ. ಹುಡುಗಿಯಲ್ಲಿ ಈಗಾಗಲೇ ಇರುವ ಒಳ್ಳೆಯ ಅಭ್ಯಾಸವನ್ನೇ ಇನ್ನೊಂದು ಪ್ರಶ್ನೆಗೆ ದಾಟಿಸಿದ ಈ ಸಾಲು ನನಗೆ ಇಡೀ ಚೀಟಿಯಲ್ಲಿ ಹೆಚ್ಚು ಇಷ್ಟವಾಯಿತು.

ಎರಡನೆಯ ತಿದ್ದುಪಡಿ ಥೇಲ್ಸನ ಪ್ರಮೇಯದ್ದು. ಚಿತ್ರ, ದತ್ತ, ಸಾಧನೀಯ, ರಚನೆ ಎಲ್ಲ ಅಚ್ಚುಕಟ್ಟು. ತ್ರಿಭುಜಗಳ ವಿಸ್ತೀರ್ಣದ ಅನುಪಾತಗಳನ್ನೂ ತಪ್ಪಿಲ್ಲದೆ ಬರೆದಿದ್ದಾಳೆ. ಆಮೇಲೆ BDE, DEC ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರೆದು ನೇರ ಕೊನೆಗೆ ಹಾರಿದ್ದಾಳೆ. ಚೀಟಿ ಕೇಳುತ್ತದೆ: ‘ಯಾಕೆ ಸಮ? DE ∥ BC ಎಂದು ದತ್ತದಲ್ಲಿ ಬರೆದೆ, ಸಾಧನೆಯಲ್ಲಿ ಒಮ್ಮೆಯೂ ಬಳಸಲಿಲ್ಲ. ದತ್ತ ಬಳಕೆಯಾಗದೆ ಉಳಿದರೆ ಎಲ್ಲೋ ಒಂದು ಕಾರಣ ಬಿಟ್ಟುಹೋಗಿದೆ ಅಂತ ತಿಳಿ.’

ಹುಡುಗಿ ಚಿತ್ರದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದಳು. ‘ಎರಡಕ್ಕೂ ಪಾದ DE. ಎರಡೂ ಅದೇ ಸಮಾಂತರ ರೇಖೆಗಳ ನಡುವೆ ಇವೆ.’

‘ಅದನ್ನು ಬರೆಯಲಿಕ್ಕೆ ಒಂದೇ ಸಾಲು ಸಾಕಲ್ಲ!’

ಮಂಡಳಿಯ ಮಾದರಿ ಉತ್ತರಗಳಲ್ಲಿ ಹಂತಹಂತಕ್ಕೆ ಅಂಕ ಹಂಚಿರುತ್ತದೆ. ಮನಸ್ಸಿನಲ್ಲಿದ್ದೂ ಹಾಳೆಗೆ ಇಳಿಯದ ಕಾರಣಕ್ಕೆ ಮೌಲ್ಯಮಾಪಕರು ಅಂಕ ಕೊಡುವಂತಿಲ್ಲ.

ಪತ್ರಿಕೆಯಲ್ಲಿ ಬೇರೆ ತಪ್ಪುಗಳೂ ಇದ್ದವು. ಅವನ್ನು ಅಂಚಿನಲ್ಲಿ ಗುರುತಿಸಿ ಬಿಟ್ಟಿದ್ದಾರೆ, ಚೀಟಿಗೆ ಏರಿದ್ದು ಎರಡೇ. ಹತ್ತು ಬರೆದರೆ ಮಗು ಒಂದನ್ನೂ ಹಿಡಿಯುವುದಿಲ್ಲ ಎಂಬುದು ಟೀಚರ ಅನುಭವ. ಕೊನೆಯ ಸಾಲು ಕೆಲಸದ್ದು: ‘ಇವೆರಡನ್ನೇ ಪುಸ್ತಕ ಮುಚ್ಚಿ ಪುನಃ ಬರೆದು ಬುಧವಾರ ತಾ. ಲೆಕ್ಕದ ಕೆಳಗೆ ತಾಳೆ ನೋಡಿದ ಸಾಲು ಉಂಟಾ, ಪ್ರಮೇಯದಲ್ಲಿ ಸಮಾಂತರದ ಕಾರಣ ಉಂಟಾ, ಅಷ್ಟೇ ನೋಡುತ್ತೇನೆ.’