ಬಾಣದ ಕೀ ಒತ್ತಿದರೆ ^[[D ಯಾಕೆ ಬರುತ್ತದೆ?

ವಿಜ್ಞಾನ ಮೇಳಕ್ಕೆ ಹೊರಡುವ ಮುಂಚಿನ ದಿನ ನಮ್ಮ ಶಾಂತಿನಗರದ ಲ್ಯಾಬಿನಲ್ಲಿ ಒಂಬತ್ತನೇ ತರಗತಿಯವರು ಒಂದು ಪಟ್ಟಿ ಮಾಡಿದರು. ಯಾವ ಊರಲ್ಲಿ ಎಷ್ಟು ಮಂದಿ ಗಾಡಿ ಹತ್ತುತ್ತಾರೆ ಅಂತ ಎಣಿಸಬೇಕಿತ್ತು. ಗದ್ವಾಲದಲ್ಲಿ ಹತ್ತುವವರು ನಾಲ್ಕು ಮಂದಿ, ಇದು ಎಲ್ಲರಿಗೂ ಗೊತ್ತು. ಆದರೆ ಪಟ್ಟಿಯಲ್ಲಿ GADWAL ಎಷ್ಟು ಸಲ ಇದೆ ಅಂತ ಕೇಳಿದರೆ ಕಂಪ್ಯೂಟರ್ ಮೂರೇ ಅಂದಿತು.

ಪಟ್ಟಿ ತೆರೆದು ನೋಡಿದೆವು. ಒಂದು ಸಾಲಿನಲ್ಲಿ GADWL ಅಂತ ಇತ್ತು. "ಒಂದು A ಬಿಟ್ಟೀರಿ ನೋಡ್ರಿ" ಅಂದೆ. ಅಷ್ಟಕ್ಕೇ ಮುಗಿಯಬೇಕಿತ್ತು. ಒಬ್ಬ ಹುಡುಗ ಸುಮ್ಮನಿರದೆ GADWL ಅಂತಲೇ ಹುಡುಕಿದ. ಉತ್ತರ ಸೊನ್ನೆ! ಕಣ್ಣಿಗೆ ಕಾಣುತ್ತಿರುವ ಪದ ಫೈಲಿನಲ್ಲಿ ಇಲ್ಲವೇ ಇಲ್ಲವಂತೆ.

ಆ ಸಾಲು ಬರೆದ ಹುಡುಗಿಯನ್ನು ಕೇಳಿದೆ. "ಸರ್, ಮೊದಲು GADAL ಅಂತ ಹೊಡೆದೆ. W ಬಿಟ್ಟದ್ದು ಗೊತ್ತಾಯ್ತು. ಎಡಗಡೆ ಬಾಣ ಎರಡು ಸಲ ಒತ್ತಿ W ಹಾಕಿದೆ. ಆಗ ಏನೇನೋ ಚಿಹ್ನೆ ಬಂದವು, ಹಾಗೇ ಎಂಟರ್ ಒತ್ತಿಬಿಟ್ಟೆ" ಅಂದಳು.

ಆ ಚಿಹ್ನೆಗಳಲ್ಲೇ ಗುಟ್ಟು ಇದೆ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ನೀವೂ ಇದನ್ನು ಮಾಡಿ ನೋಡಬಹುದು.

```
cat > uru.txt
GADAL^[[D^[[DW
```

ಎರಡನೇ ಸಾಲಿನಲ್ಲಿ ನೀವು ಒತ್ತಬೇಕಾದದ್ದು GADAL, ಎಡ ಬಾಣ ಎರಡು ಸಲ, W, ಆಮೇಲೆ ಎಂಟರ್. ಚಿಹ್ನೆಗಳು ತಾವಾಗಿಯೇ ಬರುತ್ತವೆ. ಮುಗಿಸಲು ಕಂಟ್ರೋಲ್ ಮತ್ತು D ಒಟ್ಟಿಗೆ ಒತ್ತಬೇಕು.

ಕೀಬೋರ್ಡಿನಲ್ಲಿ A ಒತ್ತಿದರೆ ಪ್ರೋಗ್ರಾಮಿಗೆ ಒಂದು ಸಂಖ್ಯೆ ಹೋಗುತ್ತದೆ, ಅದು 65. ಆಸ್ಕಿ ಪಟ್ಟಿಯಲ್ಲಿ A ಗೆ ಕೊಟ್ಟಿರುವ ಸಂಖ್ಯೆ ಅದು. ಆದರೆ ಆ ಪಟ್ಟಿಯಲ್ಲಿ ಬಾಣಗಳಿಗೆ ಜಾಗವೇ ಇಲ್ಲ. ಅದಕ್ಕೆ ಟರ್ಮಿನಲ್ ಒಂದು ಉಪಾಯ ಮಾಡುತ್ತದೆ. ಬಾಣ ಒತ್ತಿದಾಗ ಒಂದರ ಬದಲು ಮೂರು ಸಂಖ್ಯೆ ಕಳಿಸುತ್ತದೆ: 27, 91 ಮತ್ತು ಒಂದು ಅಕ್ಷರದ ಸಂಖ್ಯೆ. ಮೇಲಿನ ಬಾಣಕ್ಕೆ A, ಕೆಳಗಿನದಕ್ಕೆ B, ಬಲಕ್ಕೆ C, ಎಡಕ್ಕೆ D.

ಇದರಲ್ಲಿ 27 ಅನ್ನುವುದು ಎಸ್ಕೇಪ್. ಅದಕ್ಕೆ ಅಕ್ಷರರೂಪ ಇಲ್ಲ. ಉಕ್ತಲೇಖನ ನೆನಪು ಮಾಡಿಕೊಳ್ಳಿ. ಮೇಷ್ಟ್ರು ಓದುತ್ತಾ ಓದುತ್ತಾ "ಅಲ್ಪವಿರಾಮ" ಅಂತಾರೆ. ನೀವು ಆ ಪದ ಬರೆಯುವುದಿಲ್ಲ, ಒಂದು ಚಿಹ್ನೆ ಇಡುತ್ತೀರಿ. ಆದರೆ ಒಂದನೇ ತರಗತಿಯ ಕೂಸು ಅ-ಲ್ಪ-ವಿ-ರಾ-ಮ ಅಂತ ಪೂರ್ತಿ ಬರೆದುಬಿಡುತ್ತದೆ. "ಈಗ ಬರುವುದು ಪಾಠವಲ್ಲ, ಸೂಚನೆ" ಅಂತ ಹೇಳುವ ಸಂಖ್ಯೆಯೇ 27. `cat` ಅನ್ನುವ ಪ್ರೋಗ್ರಾಮಿಗೆ ಈ ಸೂಚನೆ ಅರ್ಥವಾಗುವುದಿಲ್ಲ. ಬಂದದ್ದನ್ನೆಲ್ಲ ಆ ಕೂಸಿನ ಹಾಗೆ ಫೈಲಿಗೆ ಬರೆದುಕೊಳ್ಳುತ್ತದೆ. ನಾವು ಆಜ್ಞೆಗಳನ್ನು ಹೊಡೆಯುವ ಸಾಲಿನಲ್ಲಿ ಬಾಣ ಸರಿಯಾಗಿ ಕೆಲಸ ಮಾಡುತ್ತದಲ್ಲ, ಅಲ್ಲಿ ಕೇಳುತ್ತಿರುವುದು ಬೇರೆ ಪ್ರೋಗ್ರಾಮು. ಅದಕ್ಕೆ ಈ ಭಾಷೆ ಬರುತ್ತದೆ.

ಹಾಗಾದರೆ ಪರದೆಯ ಮೇಲೆ ಎರಡು ಆವರಣ ಯಾಕೆ? ನನ್ನನ್ನೂ ಇದು ಬಹಳ ದಿನ ಕಾಡಿತ್ತು. ರೂಪವಿಲ್ಲದ ಸಂಖ್ಯೆಯನ್ನು ತೋರಿಸಲು ^ ಚಿಹ್ನೆ ಹಾಕಿ ಒಂದು ಅಕ್ಷರ ಬರೆಯುವ ಪದ್ಧತಿ ಇದೆ. ಅಕ್ಷರದ ಸಂಖ್ಯೆಯಲ್ಲಿ 64 ಕಳೆಯಬೇಕು. ^A ಅಂದರೆ 65 ಕಳೆ 64, ಅಂದರೆ 1. ^Z ಅಂದರೆ 26. Z ಆದ ಮೇಲೆ ಇಂಗ್ಲಿಷಿನಲ್ಲಿ ಅಕ್ಷರ ಮುಗಿದವು, ಆಸ್ಕಿಯಲ್ಲಿ ಮುಂದಿನದು [ ಚಿಹ್ನೆ, ಸಂಖ್ಯೆ 91. ಅದರಲ್ಲಿ 64 ಕಳೆದರೆ 27. ಹೀಗಾಗಿ ^[ ಅನ್ನುವ ಎರಡು ಚಿಹ್ನೆ ಸೇರಿ ಒಂದೇ ಎಸ್ಕೇಪ್. ಅದರ ಪಕ್ಕದ ಎರಡನೇ [ ಮಾತ್ರ ನಿಜವಾದ ಆವರಣ. ನಂಬಿಕೆ ಬರದಿದ್ದರೆ `cat` ನಲ್ಲಿ ಕಂಟ್ರೋಲ್ ಹಿಡಿದು [ ಒತ್ತಿ, ಬಾಣದ ಆರಂಭದಲ್ಲಿ ಬರುವ ಅದೇ ^[ ಬರುತ್ತದೆ.

ಈಗ GADWL ಎಲ್ಲಿಂದ ಬಂತು ನೋಡೋಣ. ಫೈಲಿನಲ್ಲಿ ನಿಜವಾಗಿ ಏನಿದೆ ಅಂತ ತೋರಿಸುವ ಆಜ್ಞೆ ಇದು:

```
od -An -c uru.txt
   G   A   D   A   L 033   [   D 033   [   D   W  \n
```

033 ಅಂದರೆ ಗಾಬರಿಯಾಗಬೇಡಿ, ಅದು ಎಂಟರ ಆಧಾರದ ಸಂಖ್ಯೆ. ಮೂರು ಎಂಟಲೆ ಇಪ್ಪತ್ನಾಲ್ಕು, ಕೂಡಿಸು ಮೂರು, ಇಪ್ಪತ್ತೇಳು. ಕೊನೆಯ \n ಎಂಟರ್. ಐದು ಅಕ್ಷರ, ಮೂರು ಮೂರರ ಎರಡು ಬಾಣ, W, ಎಂಟರ್, ಒಟ್ಟು 13 ಬೈಟ್. `wc -c uru.txt` ಕೊಟ್ಟರೂ 13 ಅಂತಲೇ ಬರುತ್ತದೆ.

ಈ ಫೈಲನ್ನು `cat uru.txt` ಅಂತ ಪರದೆಗೆ ಕಳಿಸಿದಾಗ ಆಟ ಉಲ್ಟಾ ಆಗುತ್ತದೆ. ಟರ್ಮಿನಲ್ಲಿಗೆ ಈ ಭಾಷೆ ಚೆನ್ನಾಗಿ ಬರುತ್ತದೆ. GADAL ಬರೆಯುತ್ತದೆ. ಎಡಕ್ಕೆ ಒಂದು ಮನೆ ಸರಿ ಅನ್ನುವ ಸೂಚನೆ ಎರಡು ಸಲ ಬರುತ್ತದೆ, ಕರ್ಸರ್ ಹೋಗಿ ಎರಡನೇ A ಮೇಲೆ ನಿಲ್ಲುತ್ತದೆ. ಆಮೇಲೆ ಬಂದ W ಆ A ಮೇಲೆಯೇ ಕೂರುತ್ತದೆ. ಉಳಿದದ್ದು GADWL. ಅಂದರೆ ಈ ಪದ ಇರುವುದು ಪರದೆಯ ಮೇಲೆ ಮಾತ್ರ. ಫೈಲಿನಲ್ಲಿ GADAL ಅಂತ ಹುಡುಕಿದರೆ ಸಿಗುತ್ತದೆ, GADWL ಸಿಗುವುದಿಲ್ಲ.

```
grep -c GADWL uru.txt
0
grep -c GADAL uru.txt
1
```

ಈ ಬಾಣದ ಭಾಷೆ ಹೊಸದೇನಲ್ಲ. 1978ರಲ್ಲಿ ಅಮೆರಿಕದ ಡಿಜಿಟಲ್ ಕಂಪನಿ ವಿಟಿ100 ಎಂಬ ಟರ್ಮಿನಲ್ ತಂದಿತು. ಅದು ಪರದೆ ಮತ್ತು ಕೀಬೋರ್ಡ್ ಮಾತ್ರ, ಕಂಪ್ಯೂಟರ್ ಇನ್ನೆಲ್ಲೋ ಇರುತ್ತಿತ್ತು, ನಡುವೆ ಒಂದು ತಂತಿ. ಅಕ್ಷರವೂ ಸೂಚನೆಯೂ ಅದೇ ತಂತಿಯಲ್ಲೇ ಹೋಗಬೇಕು. ಈಗಿನ ಟರ್ಮಿನಲ್ ಕಿಟಕಿಗಳು ಆ ಹಳೆಯ ಪೆಟ್ಟಿಗೆಯ ನಡೆಯನ್ನೇ ಅನುಸರಿಸುತ್ತವೆ. ಬಣ್ಣಕ್ಕೂ ಇದೇ ದಾರಿ: ಎಸ್ಕೇಪ್ ಆದ ಮೇಲೆ [31m ಬಂದರೆ ಅಕ್ಷರ ಕೆಂಪು, [0m ಬಂದರೆ ಮತ್ತೆ ಮಾಮೂಲು.

ಇಂಥದ್ದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಇನ್ನೊಂದು ತೊಡಕು ಇದೆ. ಪರದೆಯ ಮೇಲಿನ ^[[D ಯನ್ನು ಮೌಸಿನಿಂದ ಎಳೆದು ಕಾಪಿ ಮಾಡಿದರೆ ಬರುವುದು ಎಸ್ಕೇಪ್ ಅಲ್ಲ, ಅದರ ಚಿತ್ರ ಮಾತ್ರ. ^ ಒಂದು, [ ಎರಡು, D ಒಂದು, ನಾಲ್ಕು ಸಾಧಾರಣ ಚಿಹ್ನೆ. ಅದು ಕರ್ಸರನ್ನು ಸರಿಸುವುದಿಲ್ಲ. ನಮ್ಮ ಸಾಲನ್ನು ಹೀಗೆ ಅಂಟಿಸಿ ಉಳಿಸಿದರೆ 13ರ ಬದಲು 15 ಬೈಟ್ ಆಗುತ್ತದೆ. ಗುಪ್ತ ಚಿಹ್ನೆ ತೋರಿಸುವ `cat -v` ಆಜ್ಞೆ ಇಲ್ಲಿ ಸಾಲದು, ಎರಡು ಫೈಲನ್ನೂ ಒಂದೇ ರೀತಿ ತೋರಿಸುತ್ತದೆ. `od -c` ಯಲ್ಲಿ 033 ಕಂಡರೆ ನಿಜವಾದ ಎಸ್ಕೇಪ್, ^ ಕಂಡರೆ ಚಿತ್ರ. ಕೆಲವು ಕಡೆ ಎಸ್ಕೇಪ್ ಕಾಣದೇ ಹೋಗಿ ಬರೀ [D ಅಥವಾ [31m ಉಳಿಯುತ್ತದೆ. ಎಲ್ಲಾದರೂ ಅಂಥ ಬಾಲ ಕಂಡರೆ ಅದು ಬಾಣವೋ ಬಣ್ಣವೋ ಅಂತ ಈಗ ಹೇಳಬಲ್ಲಿರಿ.

ಪಟ್ಟಿಯನ್ನು ಸರಿ ಮಾಡುವಾಗ ಅದೇ ಹುಡುಗ "ಎಸ್ಕೇಪ್ ಕೋಡ್ ತೆಗೆದುಬಿಟ್ಟರೆ ಆಯ್ತಲ್ಲ ಸರ್" ಅಂದ. ತೆಗೆದರೆ ಏನು ಉಳಿಯುತ್ತದೆ, ಬೋರ್ಡಿನ ಮೇಲೆ ಬರೀ ಅಂದೆ. GADALW ಅಂತ ಬರೆದು ತಾನೇ ನಕ್ಕ. ಕೊನೆಗೆ ಹುಡುಗಿ ಫೈಲನ್ನು `nano` ದಲ್ಲಿ ತೆರೆದು, ಆ ಸಾಲು ಪೂರ್ತಿ ಅಳಿಸಿ ಹೊಸದಾಗಿ ಬರೆದಳು. `nano` ಗೆ ಬಾಣದ ಭಾಷೆ ಬರುತ್ತದೆ. `cat` ನಲ್ಲೇ ಬರೆಯುವುದಾದರೆ ತಪ್ಪು ತಿದ್ದಲು ಬ್ಯಾಕ್‌ಸ್ಪೇಸ್ ಒಂದೇ ಗತಿ, ಅದನ್ನು ಟರ್ಮಿನಲ್ ಸಾಲು ಕಳಿಸುವ ಮೊದಲೇ ನೋಡಿಕೊಳ್ಳುತ್ತದೆ. ಮತ್ತೆ ಎಣಿಸಿದೆವು. ಗದ್ವಾಲಕ್ಕೆ 4.